84 ನಮೂನೆ, 1,512 ಗುರುತು: ಕಾಫಿ ಪುಡಿಯ ಹೆಸರು ಜನರ ಮನಸ್ಸಿನಲ್ಲಿ ಹೇಗಿದೆ ಎಂದು ಅಳೆಯುವ ಲೆಕ್ಕ

ಜಿಲ್ಲಾ ಕೇಂದ್ರದಲ್ಲಿ ಕಾಫಿ ಪುಡಿ ಮಾರುವ ಒಬ್ಬ ಸಣ್ಣ ಉದ್ಯಮಿ ತನ್ನ ಬ್ರ್ಯಾಂಡಿನ ಬಗ್ಗೆ ಊರಿನವರ ಮನಸ್ಸಿನಲ್ಲಿ ಯಾವ ಚಿತ್ರವಿದೆ ಎಂದು ತಿಳಿಯಬೇಕಾದರೆ ಸುಮಾರು 7,500 ರೂಪಾಯಿ ಸಾಕು. ಆರು ಜೋಡಿ ಪದ, ಮೂರು ಪುಟದ ನಮೂನೆ, 100 ಜನ, ಒಂದು ವಾರದ ಕೆಲಸ. ಹಣಕ್ಕಿಂತ ಹೆಚ್ಚಿನ ಕಷ್ಟ ಇರುವುದು ಲೆಕ್ಕ ಹಾಕುವಲ್ಲಿ ಮತ್ತು ನಕ್ಷೆ ಬರೆಯುವಲ್ಲಿ. ಅಲ್ಲಿ ತಪ್ಪಿದರೆ ಮನೆಮನೆಗೆ ಹೋಗಿ ತಂದ ಉತ್ತರಗಳೆಲ್ಲ ಒಂದು ಸುಂದರ ಗೆರೆಯೊಳಗೆ ಕಳೆದುಹೋಗುತ್ತವೆ.

ಈ ವಿಧಾನದ ಹೆಸರು ಸಿಮ್ಯಾಂಟಿಕ್ ಡಿಫರೆನ್ಷಿಯಲ್ ಸ್ಕೇಲ್. ಒಂದಕ್ಕೊಂದು ಎದುರಾದ ಎರಡು ಪದಗಳ ನಡುವೆ ಏಳು ಖಾಲಿ ಮನೆ ಇರುತ್ತವೆ. ಉತ್ತರ ಕೊಡುವವರು ತಮ್ಮ ಅನಿಸಿಕೆಗೆ ಹೊಂದುವ ಮನೆಯಲ್ಲಿ ಗುರುತು ಹಾಕುತ್ತಾರೆ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಚಾರ್ಲ್ಸ್ ಆಸ್‌ಗುಡ್, ಜಾರ್ಜ್ ಸೂಸಿ ಮತ್ತು ಪರ್ಸಿ ಟ್ಯಾನನ್‌ಬಾಮ್ 1957ರಲ್ಲಿ ಇದನ್ನು ಪುಸ್ತಕವಾಗಿ ಮಂಡಿಸಿದರು. ಅವರ ಆರಂಭದ ಒಂದು ಪ್ರಯೋಗದಲ್ಲಿ 100 ವಿದ್ಯಾರ್ಥಿಗಳು 20 ವಿಷಯಗಳನ್ನು 50 ಜೋಡಿ ಪದಗಳ ಮೇಲೆ ತೂಗಿದರು. ಅಂದರೆ ಒಟ್ಟು 1 ಲಕ್ಷ ಗುರುತು. 1961ರಲ್ಲಿ ವಿಲಿಯಂ ಮಿಂಡಾಕ್ ಇದೇ ಮಾಪಕವನ್ನು ಬಿಯರ್ ಬ್ರ್ಯಾಂಡುಗಳಿಗೆ ಅಳವಡಿಸಿ ಮಾರುಕಟ್ಟೆಯ ಕೆಲಸಕ್ಕೆ ಹೇಗೆ ಬಗ್ಗಿಸಬಹುದೆಂದು ತೋರಿಸಿದರು.

ಇಲ್ಲಿ ಹಾಸನದಂಥ ಊರಿನ ಎರಡು ಕಾಫಿ ಪುಡಿಗಳನ್ನು ತೆಗೆದುಕೊಳ್ಳೋಣ. ಊರಿನಲ್ಲೇ ಹುರಿದು ಪುಡಿ ಮಾಡುವ ಬ್ರ್ಯಾಂಡ್ ‘ಅ’, ಹೊರಗಿನಿಂದ ಬರುವ ಬ್ರ್ಯಾಂಡ್ ‘ಬ’. ಮುಂದೆ ಬರುವ ಉತ್ತರಗಳು ಮತ್ತು ದರಗಳು ಲೆಕ್ಕದ ದಾರಿ ತೋರಿಸಲು ಇಟ್ಟುಕೊಂಡ ಮಾದರಿ ಸಂಖ್ಯೆಗಳು. ನಿಮ್ಮ ಊರಿನ ಕೂಲಿ ಮತ್ತು ಮುದ್ರಣದ ದರ ಹಾಕಿಕೊಂಡರೆ ಲೆಕ್ಕ ಹಾಗೇ ನಡೆಯುತ್ತದೆ.

ಪದಗಳು ಎಲ್ಲಿಂದ ಬರಬೇಕು

ಮೊದಲ ದಿನದ ಖರ್ಚು ಪದ ಹುಡುಕುವುದಕ್ಕೆ. ಕಚೇರಿಯಲ್ಲಿ ಕುಳಿತು ಇಂಗ್ಲಿಷ್ ಪಟ್ಟಿಯನ್ನು ಅನುವಾದಿಸಿದರೆ ಯಾರೂ ಆಡದ ಪದಗಳು ನಮೂನೆಯಲ್ಲಿ ಕೂರುತ್ತವೆ. ಆಸ್‌ಗುಡ್ ತಂಡ ಈ ತೊಂದರೆಯನ್ನು ಗಂಭೀರವಾಗಿ ತೆಗೆದುಕೊಂಡಿತ್ತು. ಹಲವು ಭಾಷೆಗಳಲ್ಲಿ ನಡೆಸಿ 1975ರಲ್ಲಿ ಪ್ರಕಟಿಸಿದ ತೌಲನಿಕ ಅಧ್ಯಯನದಲ್ಲಿ ಮೈಸೂರಿನ ಕನ್ನಡವೂ ಇತ್ತು. ಅಲ್ಲಿ 100 ನಾಮಪದಗಳನ್ನು ಹುಡುಗರ ಮುಂದಿಟ್ಟು, ಪ್ರತಿಯೊಂದಕ್ಕೂ ಮನಸ್ಸಿಗೆ ಬರುವ ಗುಣವಾಚಕ ಕೇಳಿ, ಜೋಡಿಗಳನ್ನು ಆಯಾ ಭಾಷೆಯೊಳಗಿನಿಂದಲೇ ಕಟ್ಟಿದರು.

ನಮ್ಮ ಉದ್ಯಮಿಯೂ ಇದನ್ನೇ ಚಿಕ್ಕದಾಗಿ ಮಾಡಬಹುದು. ಹದಿನೈದು ಜನರನ್ನು ಮಾತಾಡಿಸಿ, ‘ಈ ಪುಡಿ ಅಂದ್ರೆ ನಿಮಗೆ ಏನನ್ಸುತ್ತೆ? ಆ ಪುಡಿಗೂ ಇದಕ್ಕೂ ಏನು ವ್ಯತ್ಯಾಸ?’ ಎಂದು ಕೇಳಿ, ಅವರು ಆಡಿದ ಪದಗಳನ್ನು ಆಡಿದ ಹಾಗೇ ಬರೆದುಕೊಳ್ಳಬೇಕು. ಹೆಚ್ಚು ಜನರ ಬಾಯಲ್ಲಿ ಬಂದ ಆರು ಗುಣಗಳನ್ನು ಆರಿಸಿದರೆ ಇಂಥ ಪಟ್ಟಿ ಸಿಗುತ್ತದೆ: ತಾಜಾ–ಹಳತು, ನಂಬಿಕಸ್ಥ–ನಂಬಲಾಗದ, ಸ್ಟ್ರಾಂಗ್–ಲೈಟ್, ಈಗಿನ ಕಾಲದ–ಹಿಂದಿನ ಕಾಲದ, ದುಬಾರಿ–ಅಗ್ಗ, ನಮ್ಮೂರಿನದು–ಹೊರಗಿನದು.

ಎರಡು ತುದಿಗಳೂ ಒಂದೇ ಗುಣದ ಎರಡು ಬದಿಗಳಾಗಿರಬೇಕು. ‘ಸ್ಟ್ರಾಂಗ್–ಅಗ್ಗ’ ಎಂದು ಬರೆದರೆ ಸ್ಟ್ರಾಂಗೂ ಅಗ್ಗವೂ ಆದ ಪುಡಿಗೆ ಗುರುತು ಹಾಕಲು ಮನೆಯೇ ಇರುವುದಿಲ್ಲ. ನಮೂನೆಯ ಸಾಲಿನಲ್ಲಿ ಅಂಕಿ ಮುದ್ರಿಸಬಾರದು. ಅಂಕಿ ಕಂಡರೆ ಜನ ಪರೀಕ್ಷೆಯ ಮಾರ್ಕ್ಸ್ ಕೊಡಲು ಶುರು ಮಾಡುತ್ತಾರೆ. ಸಾಲು ಹೀಗಿದ್ದರೆ ಸಾಕು:

```
ತಾಜಾ   ___ : ___ : ___ : ___ : ___ : ___ : ___   ಹಳತು
```

ಆರರಲ್ಲಿ ಮೂರು ಸಾಲುಗಳನ್ನು ತಿರುಗಿಸಿ ಮುದ್ರಿಸಬೇಕು. ಒಂದು ಸಾಲಿನಲ್ಲಿ ತಾಜಾ ಎಡಕ್ಕಿದ್ದರೆ, ಮುಂದಿನದರಲ್ಲಿ ನಂಬಲಾಗದ ಎಡಕ್ಕಿರಲಿ. ಓದದೆ ಒಂದೇ ಕಡೆ ಗೆರೆ ಎಳೆದವರು ಯಾರೆಂದು ಆಮೇಲೆ ಇದರಿಂದಲೇ ಪತ್ತೆಯಾಗುತ್ತದೆ.

ಮೂರು ಪುಟಗಳಲ್ಲಿ ಇದೇ ಆರು ಸಾಲು ಮೂರು ಸಲ ಬರುತ್ತವೆ: ಬ್ರ್ಯಾಂಡ್ ಅ, ಬ್ರ್ಯಾಂಡ್ ಬ, ಮತ್ತು ‘ನಿಮ್ಮ ಮನಸ್ಸಿಗೆ ಒಪ್ಪುವ ಕಾಫಿ ಪುಡಿ’. ಈ ಮೂರನೆಯ ಪುಟವನ್ನು ಖರ್ಚು ಉಳಿಸಲೆಂದು ಬಿಡುವವರು ಬಹಳ. ಅದಿಲ್ಲದಿದ್ದರೆ ಸ್ಟ್ರಾಂಗ್ ಸಾಲಿನಲ್ಲಿ 7ಕ್ಕೆ 4.2 ಬಂತು ಎನ್ನುವುದು ಒಳ್ಳೆಯದೋ ಕೆಟ್ಟದ್ದೋ ಹೇಳಲು ಅಳತೆಗೋಲೇ ಇರುವುದಿಲ್ಲ. ಎಲ್ಲರೂ ಗಟ್ಟಿ ಕಾಫಿಯನ್ನೇ ಬಯಸುತ್ತಾರೆಂದು ಯಾರು ಹೇಳಿದರು?

ಎಷ್ಟು ಜನ, ಎಷ್ಟು ಹಣ

ಏಳು ಮನೆಗಳ ಮಾಪಕದಲ್ಲಿ ಉತ್ತರಗಳ ಮಾನಕ ವಿಚಲನೆ, ಅಂದರೆ ಸರಾಸರಿಯ ಸುತ್ತ ಅವು ಹರಡಿರುವ ಅಳತೆ, 1.4 ಎಂದಿಟ್ಟುಕೊಳ್ಳೋಣ. ನಮ್ಮ ಸರಾಸರಿ 100ರಲ್ಲಿ 95 ಸಲ ನಿಜದ ಸರಾಸರಿಗಿಂತ 0.3ರಷ್ಟು ಮಾತ್ರ ಆಚೀಚೆ ಇರಬೇಕೆಂದರೆ ಬೇಕಾದ ಜನರ ಸಂಖ್ಯೆ ಹೀಗೆ ಸಿಗುತ್ತದೆ:

```
n = (1.96 × 1.4 / 0.3)² = 83.7
```

ಅಂದರೆ 84 ಸರಿಯಾದ ನಮೂನೆ. ಆರರಲ್ಲಿ ಒಂದು ಕೆಡುತ್ತದೆಂದು ಹಿಡಿದರೆ ಸುಮಾರು 100 ಜನರನ್ನು ಕೇಳಬೇಕು. ಈ ಸೂತ್ರ ನಿಲ್ಲುವುದು ಜನರನ್ನು ಊರಿನಾದ್ಯಂತ ಪಕ್ಷಪಾತವಿಲ್ಲದೆ ಆರಿಸಿದಾಗ ಮಾತ್ರ. ತನ್ನ ಅಂಗಡಿಯ ಕಟ್ಟೆಯ ಮೇಲೆ ನಿಂತು 1,000 ಜನರನ್ನು ಕೇಳಿದರೂ ತನ್ನ ಗಿರಾಕಿಗಳ ಅಭಿಪ್ರಾಯವಷ್ಟೇ ಸಿಗುತ್ತದೆ.

ಒಂದು ಗುರುತಿಗೆ 10 ಸೆಕೆಂಡಿನಂತೆ 18 ಗುರುತಿಗೆ 3 ನಿಮಿಷ. ವಿವರಿಸಲು 3, ವಯಸ್ಸು ಮತ್ತು ಬಳಕೆಯ ಪ್ರಶ್ನೆಗೆ 2, ಮನೆ ಹುಡುಕಿ ಒಪ್ಪಿಸಲು 7. ಒಟ್ಟು 15 ನಿಮಿಷ. ದಿನಕ್ಕೆ 6 ಗಂಟೆ ತಿರುಗಿದರೆ 24 ಜನ. 100 ಜನರಿಗೆ ನಾಲ್ಕು ದಿನಕ್ಕಿಂತ ಸ್ವಲ್ಪ ಹೆಚ್ಚು, ಐದು ಎಂದೇ ಹಿಡಿಯಬೇಕು.

| ಬಾಬ್ತು | ಪ್ರಮಾಣ | ರೂಪಾಯಿ |
|---|---|---|
| ಪದ ಹುಡುಕುವ ಮಾತುಕತೆ | 1 ದಿನ, ಓಡಾಟ ಸೇರಿ | 1,000 |
| ಮನೆಮನೆ ಸಮೀಕ್ಷೆ | 5 ದಿನ × 900 | 4,500 |
| ಓಡಾಟ | 5 ದಿನ × 100 | 500 |
| ನಮೂನೆ ಮುದ್ರಣ | 100 × 6 | 600 |
| ಕಂಪ್ಯೂಟರಿಗೆ ಏರಿಸಿ ತಾಳೆ ನೋಡುವುದು | 1 ದಿನ | 900 |
| ಒಟ್ಟು | | 7,500 |

ಬಳಕೆಗೆ ಬರುವ ಒಂದು ನಮೂನೆಗೆ ಸುಮಾರು 89 ರೂಪಾಯಿ ಬಿತ್ತು. ಈಗ ತಪ್ಪಿನ ಅಂತರವನ್ನು 0.3ರಿಂದ 0.15ಕ್ಕೆ ಇಳಿಸಬೇಕೆಂದರೆ 335 ಸರಿಯಾದ ನಮೂನೆ ಬೇಕು, ಖರ್ಚು ಸುಮಾರು 24,000 ರೂಪಾಯಿಗೆ ಏರುತ್ತದೆ. ನಿಖರತೆ ಎರಡು ಪಟ್ಟಾಗಲು ಜನ ನಾಲ್ಕು ಪಟ್ಟು ಬೇಕು. ಅದೇ ಆರು ಜೋಡಿಯ ಬದಲು ಎಂಟು ಜೋಡಿ ಇಟ್ಟರೆ ಒಬ್ಬರಿಗೆ ಒಂದು ನಿಮಿಷ ಮಾತ್ರ ಹೆಚ್ಚು. ಐದು ದಿನದಲ್ಲೇ ಮುಗಿಯುತ್ತದೆ. ಜೋಡಿ ಸೇರಿಸುವುದು ಜೇಬಿಗೆ ಅಗ್ಗ, ಉತ್ತರ ಕೊಡುವವರ ಗಮನಕ್ಕೆ ದುಬಾರಿ. ಇಪ್ಪತ್ತು ಜೋಡಿ, ಮೂರು ಪುಟ ಎಂದರೆ 60 ಗುರುತು. ಕೊನೆಯ ಪುಟದಲ್ಲಿ ಗುರುತುಗಳೆಲ್ಲ ನೇರ ಗೆರೆಯಾಗಿ ಇಳಿಯುವುದು ಆಗಲೇ.

ನಡುಮನೆಯ ಮೋಸ

ನಾಲ್ಕನೆಯ ಮನೆ ನಟ್ಟನಡುವೆ ಇದೆ. ‘ಎರಡೂ ಅಲ್ಲ’ ಎನ್ನುವವರು ಅಲ್ಲಿ ಗುರುತು ಹಾಕುತ್ತಾರೆ. ಆ ಪುಡಿಯ ಹೆಸರನ್ನೇ ಕೇಳದವರೂ ಅಲ್ಲೇ ಹಾಕುತ್ತಾರೆ. ಹಾಳೆಯಲ್ಲಿ ಇಬ್ಬರೂ ಒಂದೇ ಆಗಿ ಕಾಣುತ್ತಾರೆ. ಆದ್ದರಿಂದ ಮಾಪಕ ಕೊಡುವ ಮುಂಚೆಯೇ ‘ಈ ಎರಡು ಪುಡಿಗಳ ಹೆಸರು ಕೇಳಿದ್ದೀರಾ?’ ಎಂದು ಕೇಳಿ, ಇಲ್ಲ ಎಂದವರಿಗೆ ವಂದಿಸಿ ಮುಂದಿನ ಮನೆಗೆ ಹೋಗಬೇಕು.

ಇದನ್ನು ಬಿಟ್ಟರೆ ಆಗುವ ನಷ್ಟ ಇಷ್ಟು. ಬ್ರ್ಯಾಂಡ್ ಬ ಬಗ್ಗೆ ಗೊತ್ತಿರುವ 84 ಜನರ ಸರಾಸರಿ ಸ್ಟ್ರಾಂಗ್ ಸಾಲಿನಲ್ಲಿ 5.7. ಗೊತ್ತಿಲ್ಲದ 14 ಜನ ಸೇರಿಕೊಂಡು ಅವರೆಲ್ಲ 4ಕ್ಕೆ ಗುರುತು ಹಾಕಿದರೆ 98 ಜನರ ಸರಾಸರಿ 5.5ಕ್ಕೆ ಇಳಿಯುತ್ತದೆ. ನಮ್ಮೂರಿನದು ಸಾಲಿನ 2.4 ಮಾತ್ರ 2.6ಕ್ಕೆ ಏರುತ್ತದೆ. ಎಲ್ಲ ಸಾಲುಗಳೂ ಮಧ್ಯಕ್ಕೆ ಜಗ್ಗಿಕೊಂಡು, ಜನರಿಗೆ ಕಡಿಮೆ ಗೊತ್ತಿರುವ ಬ್ರ್ಯಾಂಡ್ ಯಾವಾಗಲೂ ಸಪ್ಪೆಯಾಗಿ ಕಾಣುತ್ತದೆ.

ಹಾಳೆಯಿಂದ ಕಂಪ್ಯೂಟರಿಗೆ

ಸ್ಪ್ರೆಡ್‌ಶೀಟಿನಲ್ಲಿ ಒಬ್ಬರಿಗೆ ಒಂದು ಸಾಲು, ಒಂದು ಗುರುತಿಗೆ ಒಂದು ಕಾಲಂ. ಎಡತುದಿಯ ಮನೆ 7, ಬಲತುದಿಯದು 1 ಎಂದು, ನಮೂನೆಯಲ್ಲಿ ಕಂಡ ಹಾಗೇ ತುಂಬಬೇಕು. ತಿರುಗಿಸಿದ ಸಾಲುಗಳನ್ನು ತಲೆಯಲ್ಲೇ ಸರಿಪಡಿಸಿಕೊಂಡು ಬರೆಯಲು ಹೋಗಬಾರದು. ಮೊದಲು ಈ ಕಚ್ಚಾ ಅಂಕಿಗಳಲ್ಲೇ ಪ್ರತಿ ಪುಟದ ಆರು ಗುರುತುಗಳ ಮಾನಕ ವಿಚಲನೆ ನೋಡಬೇಕು. ಮೂರು ಪುಟದಲ್ಲೂ ಸೊನ್ನೆ ಬಂದರೆ ಅವರು ತಾಜಾ ಎಂದದ್ದನ್ನೇ ನಂಬಲಾಗದ ಎಂದೂ ಹೇಳಿದ್ದಾರೆ, ಎಂದರೆ ಓದಿಲ್ಲ. ನಮ್ಮ ಲೆಕ್ಕದಲ್ಲಿ ಇಂಥವು 9, ಒಂದು ಪುಟ ಪೂರ್ತಿ ಬಿಟ್ಟವು 7. ಉಳಿದದ್ದು 84 ನಮೂನೆ, 1,512 ಗುರುತು.

ಆಮೇಲೆ ತಿರುಗಿಸಿದ ಸಾಲುಗಳನ್ನು ನೆಟ್ಟಗೆ ಮಾಡಬೇಕು. ಎಂಟರಿಂದ ಕಳೆದರೆ 1 ಇದ್ದದ್ದು 7 ಆಗುತ್ತದೆ, 2 ಇದ್ದದ್ದು 6. ಇಲ್ಲೊಂದು ಗುಂಡಿ ಇದೆ. ಖಾಲಿ ಬಿಟ್ಟ ಮನೆಯನ್ನು ಸ್ಪ್ರೆಡ್‌ಶೀಟ್ ಸೊನ್ನೆ ಎಂದು ಓದಿ 8 ಎಂಬ ಉತ್ತರ ಕೊಡುತ್ತದೆ. ಏಳೇ ಮನೆಗಳಿರುವ ಮಾಪಕದಲ್ಲಿ 8 ನುಸುಳಿದರೂ ಸರಾಸರಿ ನೋಡಿದವರಿಗೆ ಅದು ಕಾಣುವುದಿಲ್ಲ. ಆದ್ದರಿಂದ ಹೀಗೆ ಬರೆಯಬೇಕು:

```
=IF(C2="","",8-C2)
```

ಪ್ರತಿ ಕಾಲಮ್ಮಿನ `MAX` 7 ದಾಟಿಲ್ಲ, `MIN` 1ಕ್ಕಿಂತ ಕೆಳಗಿಲ್ಲ ಎಂದು ನೋಡಿದ ಮೇಲೆಯೇ ಮುಂದಿನ ಹೆಜ್ಜೆ.

ಸರಾಸರಿಗೆ ಮುಂಚೆ ಎಣಿಕೆ

ಪ್ರತಿ ಮನೆಯಲ್ಲಿ ಎಷ್ಟು ಗುರುತು ಬಿದ್ದಿವೆ ಎಂದು `COUNTIF` ಮೂಲಕ ಎಣಿಸುವುದೇ ಕೋಷ್ಟಕದ ಮೊದಲ ಕೆಲಸ. ಬ್ರ್ಯಾಂಡ್ ಅ, ತಾಜಾ–ಹಳತು ಸಾಲಿನ ಎಣಿಕೆ 7ರಿಂದ 1ರವರೆಗೆ ಹೀಗಿದೆ: 20, 30, 18, 10, 4, 2, 0. ಪ್ರತಿ ಮನೆಯ ಅಂಕಿಯಿಂದ ಗುಣಿಸಿ ಕೂಡಿದರೆ 466. 84ರಿಂದ ಭಾಗಿಸಿದರೆ ಸರಾಸರಿ 5.5. ಮಾನಕ ವಿಚಲನೆ 1.25. ಅದನ್ನು 84ರ ವರ್ಗಮೂಲದಿಂದ ಭಾಗಿಸಿ 1.96ರಿಂದ ಗುಣಿಸಿದರೆ 0.27. ನಾವು ಯೋಜಿಸಿದ 0.3ರೊಳಗೇ ಇದೆ.

ಈಗ ಈಗಿನ ಕಾಲದ–ಹಿಂದಿನ ಕಾಲದ ಸಾಲು ನೋಡೋಣ. ಎರಡೂ ಬ್ರ್ಯಾಂಡಿನ ಸರಾಸರಿ 4.0. ನಕ್ಷೆಯಲ್ಲಿ ಎರಡು ಚುಕ್ಕೆಗಳೂ ಒಂದರ ಮೇಲೊಂದು ಕೂರುತ್ತವೆ. ಎಣಿಕೆ ಬೇರೆಯೇ ಮಾತು ಹೇಳುತ್ತದೆ:

| ಮನೆ | 7 | 6 | 5 | 4 | 3 | 2 | 1 | ಸರಾಸರಿ | ಮಾನಕ ವಿಚಲನೆ |
|---|---|---|---|---|---|---|---|---|---|
| ಅ | 14 | 18 | 8 | 4 | 8 | 18 | 14 | 4.0 | 2.23 |
| ಬ | 0 | 6 | 16 | 40 | 16 | 6 | 0 | 4.0 | 0.98 |

ಬ ಬಗ್ಗೆ ಊರಿಗೆ ಈ ವಿಷಯದಲ್ಲಿ ಗಟ್ಟಿ ಅಭಿಪ್ರಾಯವೇ ಇಲ್ಲ. ಅ ಬಗ್ಗೆ ಊರು ಎರಡಾಗಿ ಒಡೆದಿದೆ. ನಡುವೆ ನಿಂತವರು ನಾಲ್ಕೇ ಜನ. ಇದೇ 84 ಜನರನ್ನು ವಯಸ್ಸಿನಿಂದ ಒಡೆದರೆ, 35 ದಾಟದ 42 ಜನರ ಸರಾಸರಿ 2.5, ದಾಟಿದ 42 ಜನರದು 5.5. ಮನೆಯ ಹಿರಿಯರಿಗೆ ಈಗಿನದಾಗಿ ಕಾಣುವ ಪುಡಿ ಅದೇ ಮನೆಯ ಮಕ್ಕಳಿಗೆ ಹಿಂದಿನ ಕಾಲದ್ದು. 4.0 ಎಂಬ ಸಂಖ್ಯೆ ಇವರಿಬ್ಬರಲ್ಲಿ ಯಾರದೂ ಅಲ್ಲ.

ಇದನ್ನು ಹಿಡಿಯಲು ಒಂದು ಸರಳ ಕ್ರಮ ಇಟ್ಟುಕೊಳ್ಳಬಹುದು. ಮಾನಕ ವಿಚಲನೆ 1.8 ದಾಟಿದ ಯಾವ ಸಾಲನ್ನೂ ಎಣಿಕೆ ನೋಡದೆ, ಗುಂಪುಗಳಾಗಿ ಒಡೆಯದೆ ವರದಿಗೆ ಹಾಕಬಾರದು. ಏಳು ಮನೆಗಳೂ ಸಮನಾಗಿ ತುಂಬಿದಾಗ ಮಾನಕ ವಿಚಲನೆ ಬರುವುದೇ 2. ಅದನ್ನೂ ದಾಟಿತೆಂದರೆ ಉತ್ತರಗಳು ಎರಡು ತುದಿಗೆ ಸರಿದಿವೆ ಎಂದೇ ಅರ್ಥ.

ಗೆರೆ ಎಳೆಯುವುದು

ಎಲ್ಲ ಸಾಲುಗಳ ಸರಾಸರಿ ಒಂದೆಡೆ ತಂದರೆ ನಕ್ಷೆಗೆ ಬೇಕಾದ ಕೋಷ್ಟಕ ಸಿದ್ಧ:

| ಜೋಡಿ (7 – 1) | ಅ | ಬ | ಒಪ್ಪುವ ಪುಡಿ |
|---|---|---|---|
| ತಾಜಾ – ಹಳತು | 5.5 | 4.9 | 6.6 |
| ನಂಬಿಕಸ್ಥ – ನಂಬಲಾಗದ | 5.8 | 5.1 | 6.7 |
| ಸ್ಟ್ರಾಂಗ್ – ಲೈಟ್ | 4.2 | 5.7 | 5.4 |
| ಈಗಿನ ಕಾಲದ – ಹಿಂದಿನ ಕಾಲದ | 4.0 | 4.0 | 4.4 |
| ದುಬಾರಿ – ಅಗ್ಗ | 4.9 | 3.6 | 3.1 |
| ನಮ್ಮೂರಿನದು – ಹೊರಗಿನದು | 6.2 | 2.4 | 4.9 |

ವಾಡಿಕೆಯ ನಕ್ಷೆಯಲ್ಲಿ ಜೋಡಿಗಳು ಮೇಲಿನಿಂದ ಕೆಳಕ್ಕೆ, ಅಂಕಿಗಳು ಅಡ್ಡಕ್ಕೆ ಇರುತ್ತವೆ. ಪ್ರತಿ ಬ್ರ್ಯಾಂಡಿನ ಚುಕ್ಕೆಗಳನ್ನು ಸೇರಿಸಿದ ಗೆರೆ ಹಾವಿನಂತೆ ಹೊರಳುವುದರಿಂದ ಅದನ್ನು ಸ್ನೇಕ್ ಚಾರ್ಟ್ ಎನ್ನುತ್ತಾರೆ. ಸ್ಪ್ರೆಡ್‌ಶೀಟಿನ ಸಾಮಾನ್ಯ ಲೈನ್ ಚಾರ್ಟ್ ಆರಿಸಿದರೆ ಜೋಡಿಗಳು ಅಡ್ಡಕ್ಕೆ ಮಲಗಿ, ಎದುರುಬದುರು ಪದಗಳನ್ನು ಎರಡು ಬದಿಯಲ್ಲಿ ಓದಲಾಗುವುದಿಲ್ಲ. ಸ್ಕ್ಯಾಟರ್ ಚಾರ್ಟ್ ಆರಿಸಿ, X ಜಾಗಕ್ಕೆ ಸರಾಸರಿ, Y ಜಾಗಕ್ಕೆ ಮೇಲಿನಿಂದ 6, 5, 4, 3, 2, 1 ಎಂದು ಸಾಲಿನ ಸಂಖ್ಯೆ ಕೊಟ್ಟು, ಚುಕ್ಕೆಗಳನ್ನು ಗೆರೆಯಿಂದ ಸೇರಿಸಿ. ದೊಡ್ಡ ಅಂಕಿ ಎಡಕ್ಕೆ ಬರುವಂತೆ X ಅಕ್ಷವನ್ನು ತಿರುಗಿಸಿದರೆ ಕೋಷ್ಟಕದ ಎಡಪದವೇ ನಕ್ಷೆಯ ಎಡಕ್ಕೂ ಬರುತ್ತದೆ.

X ಅಕ್ಷವನ್ನು 1ರಿಂದ 7ರವರೆಗೆ ಕೈಯಾರೆ ಕಟ್ಟಬೇಕು. ತಂತ್ರಾಂಶದ ಪಾಡಿಗೆ ಬಿಟ್ಟರೆ ಅದು 2ರಿಂದ 7ಕ್ಕೋ 0ಯಿಂದ 8ಕ್ಕೋ ಹಿಡಿದು, ಅದೇ ಅಂತರವನ್ನು ಒಮ್ಮೆ ದೊಡ್ಡದಾಗಿ ಒಮ್ಮೆ ಸಣ್ಣದಾಗಿ ತೋರಿಸುತ್ತದೆ. ಸಾಲುಗಳ ನಡುವಿನ ಗೆರೆಯ ಓರೆಗೆ ಅರ್ಥವಿಲ್ಲ ಎಂಬುದನ್ನೂ ವರದಿಯಲ್ಲಿ ಬರೆಯಬೇಕು. ಜೋಡಿಗಳ ಕ್ರಮ ಬದಲಿಸಿದರೆ ಹಾವಿನ ಆಕಾರವೇ ಬದಲಾಗುತ್ತದೆ. ಬದಲಾಗದೆ ಉಳಿಯುವುದು ಒಂದೇ ಸಾಲಿನಲ್ಲಿರುವ ಚುಕ್ಕೆಗಳ ನಡುವಿನ ದೂರ ಮಾತ್ರ. ಪ್ರತಿ ಚುಕ್ಕೆಯ ಎರಡು ಬದಿಗೆ ಅದರ ತಪ್ಪಿನ ಅಂತರವನ್ನು ಸಣ್ಣ ಅಡ್ಡಗೆರೆಯಾಗಿ ತೋರಿಸಿದರೆ ಓದುವವರು 0.1ರ ವ್ಯತ್ಯಾಸಕ್ಕೆ ಬೆಚ್ಚುವುದಿಲ್ಲ.

ಒಂದೇ ಸಂಖ್ಯೆಗೆ ಇಳಿಸುವ ಆಸೆ

ಒಪ್ಪುವ ಪುಡಿಗೆ ಯಾವುದು ಹತ್ತಿರ ಎಂದು ಒಂದೇ ಸಂಖ್ಯೆಯಲ್ಲಿ ಹೇಳಲು ಆಸ್‌ಗುಡ್ ತಂಡವೇ ದೂರದ ಲೆಕ್ಕ ಬಳಸಿತ್ತು: ಪ್ರತಿ ಸಾಲಿನ ಅಂತರದ ವರ್ಗಗಳನ್ನು ಕೂಡಿ ವರ್ಗಮೂಲ ತೆಗೆಯುವುದು. ಅ, ಬ, ಒಪ್ಪುವ ಪುಡಿ ಕ್ರಮವಾಗಿ B, C, D ಕಾಲಮ್ಮಿನಲ್ಲಿದ್ದರೆ:

```
=SQRT(SUMXMY2(B2:B7,D2:D7))
=SQRT(SUMXMY2(C2:C7,D2:D7))
```

ಉತ್ತರ ಅ 2.92, ಬ 3.49. ಅ ಗೆದ್ದಿತು ಎಂದು ಇಲ್ಲಿಗೇ ನಿಲ್ಲಿಸಬಾರದು. ನಮ್ಮೂರಿನದು–ಹೊರಗಿನದು ಸಾಲನ್ನು ತೆಗೆದು ಮತ್ತೆ ಲೆಕ್ಕ ಹಾಕಿದರೆ ಅ 2.62, ಬ 2.44. ಈಗ ಬ ಮುಂದೆ. ಗೆಲುವು ನಿಂತಿದ್ದು ಒಂದೇ ಜೋಡಿಯ ಮೇಲೆ. ಆ ಜೋಡಿಯಲ್ಲೂ ಅ 6.2 ಇದ್ದು, ಜನ ಬಯಸಿದ 4.9ಕ್ಕಿಂತ 1.3 ಮುಂದಿದೆ, ಸೂತ್ರ ಈ ಹೆಚ್ಚನ್ನೂ ಕೊರತೆಯ ಹಾಗೇ ದೂರವೆಂದು ಎಣಿಸಿದೆ. ನಮ್ಮೂರಿನದು ಎನ್ನುವುದು ಅತಿಯಾದರೆ ಗಿರಾಕಿಗೆ ನಷ್ಟವಿದೆಯೇ ಎಂದು ಸೂತ್ರಕ್ಕೆ ಗೊತ್ತಿಲ್ಲ. ಆದ್ದರಿಂದ ಒಂದೊಂದೇ ಜೋಡಿ ಬಿಟ್ಟು ಆರು ಸಲ ಲೆಕ್ಕ ಹಾಕಿ, ಕ್ರಮ ಅದಲುಬದಲಾಗದಿದ್ದರೆ ಮಾತ್ರ ಈ ಸಂಖ್ಯೆಯನ್ನು ವರದಿಯಲ್ಲಿ ಹೇಳುವುದು ನ್ಯಾಯ.

ಎರಡು ಬ್ರ್ಯಾಂಡುಗಳನ್ನು ಹೋಲಿಸುವಾಗಲೂ ಒಂದು ಎಚ್ಚರ ಬೇಕು. ಎರಡನ್ನೂ ತೂಗಿದವರು ಅದೇ 84 ಜನ. ಒಬ್ಬೊಬ್ಬರಿಗೂ ಅ ಅಂಕಿಯಿಂದ ಬ ಅಂಕಿ ಕಳೆದು ಹೊಸ ಕಾಲಂ ಮಾಡಿ, ಅದರ ಸರಾಸರಿ ನೋಡಬೇಕು. ನಂಬಿಕಸ್ಥ ಸಾಲಿನಲ್ಲಿ ಈ ವ್ಯತ್ಯಾಸದ ಸರಾಸರಿ 0.7, ಮಾನಕ ವಿಚಲನೆ 1.6 ಎಂದಾದರೆ ತಪ್ಪಿನ ಅಂತರ 0.34. ಅಂದರೆ ನಿಜದ ವ್ಯತ್ಯಾಸ 0.36 ಮತ್ತು 1.04ರ ನಡುವೆ. ಸೊನ್ನೆ ಇದರೊಳಗೆ ಬರದ ಕಾರಣ ಅ ಹೆಚ್ಚು ನಂಬಿಕಸ್ಥ ಎನ್ನಲು ಅಡ್ಡಿಯಿಲ್ಲ.

ಉದ್ಯಮಿ ಏನು ಮಾಡಬೇಕು

ಅ ಮತ್ತು ಒಪ್ಪುವ ಪುಡಿಯ ನಡುವಿನ ಅತಿ ದೊಡ್ಡ ಅಂತರ ದುಬಾರಿ ಸಾಲಿನಲ್ಲಿದೆ: 1.8. ಮಾಪಕ ಅಳೆದದ್ದು ಅನಿಸಿಕೆಯನ್ನು, ದರವನ್ನಲ್ಲ. ಮೊದಲು ಎರಡೂ ಪುಡಿಗಳ ಕೆ.ಜಿ. ದರವನ್ನು ಅಂಗಡಿಯಲ್ಲೇ ನೋಡಬೇಕು. ದರ ನಿಜಕ್ಕೂ ಹೆಚ್ಚಿದ್ದರೆ ಜಾಹೀರಾತಿನಿಂದ ಅನಿಸಿಕೆ ಬದಲಾಗದು. ದರ ಸಮನಾಗಿದ್ದೂ ದುಬಾರಿ ಎನಿಸುತ್ತಿದ್ದರೆ ಪೊಟ್ಟಣದ ಗಾತ್ರ, ಅಂಗಡಿಯಲ್ಲಿ ದರ ತೋರಿಸುವ ರೀತಿ ಇವುಗಳ ಕಡೆ ನೋಡಬೇಕು. ಸ್ಟ್ರಾಂಗ್ ಸಾಲಿನ 1.2ರ ಕೊರತೆಗೂ ಇದೇ ಮಾತು. ಹೆಸರು ಮುಚ್ಚಿ ಎರಡೂ ಕಾಫಿ ಕುಡಿಸಿದಾಗಲೂ ಅ ಲೈಟ್ ಎನಿಸಿದರೆ ಹುರಿಯುವಿಕೆ ಮತ್ತು ಚಿಕೋರಿಯ ಪ್ರಮಾಣ ಪರೀಕ್ಷಿಸಬೇಕು. ಹೆಸರು ಕಂಡಾಗ ಮಾತ್ರ ಲೈಟ್ ಎನಿಸಿದರೆ ಪುಡಿಯನ್ನು ಮುಟ್ಟಬಾರದು.

ಬದಲಾವಣೆ ಮಾಡಿ ಆರು ತಿಂಗಳ ಮೇಲೆ ಅದೇ ಪದ, ಅದೇ ಕ್ರಮ, ಅದೇ ಏಳು ಮನೆಗಳಲ್ಲಿ ಬೇರೆ 84 ಜನರನ್ನು ಅಳೆಯಬಹುದು. ಆಗ ಎರಡು ಸಮೀಕ್ಷೆಗಳ ನಡುವೆ ಕೇವಲ ಆಕಸ್ಮಿಕವಾಗಿ ಬರಬಹುದಾದ ವ್ಯತ್ಯಾಸ, ಮಾನಕ ವಿಚಲನೆ 1.4 ಎಂದರೆ, ಸುಮಾರು 0.42. ದುಬಾರಿ ಸಾಲಿನ ಅಂಕಿ 4.9ರಿಂದ 4.6ಕ್ಕೆ ಇಳಿದರೆ ಖುಷಿಪಡಲು ಕಾರಣವಿಲ್ಲ. 4.4 ಅಥವಾ ಅದಕ್ಕಿಂತ ಕೆಳಗೆ ಬಂದರೆ ಮಾತ್ರ ಊರಿನ ಅನಿಸಿಕೆ ಸರಿದಿದೆ ಎಂದು ಹೇಳಬಹುದು.